ಫೆಬ್ರವರಿ 29ರ ಕೂಸಿಗೆ ಸುಳ್ಳು ತಾರೀಖು ಯಾಕ ಬರಸ್ತೀರಿ?

ಅಕ್ಕಾವ್ರ, ವೈನಿಗೋಳ್ರ, ಈ ಸಲ ಅಡಗಿ ಮಾತಿಲ್ಲ, ಉಪ್ಪಿನಕಾಯಿ ಮಾತೂ ಇಲ್ಲ. ಈ ಸಲ ಜಗಳಾನೇ ಅದ. ಯಾರ ಮ್ಯಾಲ ಅಂದ್ರ, ಕೂಸು ಹುಟ್ಟಿದ ತಾರೀಖು ಅನುಕೂಲ ನೋಡಿ ಬದಲಿ ಮಾಡಸೋ ನಮ್ಮ ನಿಮ್ಮ ಮನಿ ಮಂದಿ ಮ್ಯಾಲನ.

ನನ್ನ ತಂಗಿ ಮಗಳು 2024ರ ಫೆಬ್ರವರಿ 29ಕ್ಕ ಹಡದ್ಲು. ಗುರುವಾರ, ಹೆಣ್ಣು ಕೂಸು, ತಾಯಿ ಮಗು ಇಬ್ರೂ ಆರಾಮ. ನಾನು ಬಿಸಿ ನೀರಿನ ಫ್ಲಾಸ್ಕು ಹಿಡಕೊಂಡು ದವಾಖಾನಿಗೆ ಹೋಗೂದ್ರಾಗ ಅಲ್ಲಿ ಬ್ಯಾರೇನ ಮಾತುಕತಿ ನಡದಿತ್ತು. ಬೀಗತಿ ಅಂತಾರ, "ಮಾರ್ಚ್ ಒಂದು ಅಂತ ಬರಸೋಣು, ಇಲ್ಲಂದ್ರ ಕೂಸಿಗೆ ನಾಕ ವರ್ಷಕ್ಕೊಮ್ಮೆ ಹುಟ್ಟಿದಹಬ್ಬ." ಅಳಿಯಾ ಅಂತಾನ, "ಮುಂದ ಕಂಪ್ಯೂಟರ್ ಫಾರ್ಮಿನ್ಯಾಗ ತೊಂದರೆ ಆಗತದ." ಕೌಂಟರಿನ್ಯಾಗ ಕೂತಾಂವಂತೂ ಪೆನ್ನು ತಗದs ಇಟ್ಟಿದ್ದ, "ಭಾಳ ಮಂದಿ ಹಂಗ ಬರಸ್ತಾರ್ರಿ" ಅಂದ.

ಭಾಳ ಮಂದಿ ಬರಸಿದ್ರ ಅದು ಖರೆ ಆಗತದೇನು? ನಾನು ಅಲ್ಲೇ ನಿಂತು ಬಾಯಿ ಮಾಡಿದೆ. ಇದ್ದ ತಾರೀಖೇ ಬರಸಿದ್ರು. ಈಗ ಕೂಸಿಗೆ ಎರಡು ವರ್ಷ ತುಂಬೇದ. ಬೀಗತಿಯವ್ರು ನನ್ನ ಜೋಡಿ ಮಾತು ಶುರು ಮಾಡಿ ಒಂದು ವರ್ಷ ಆತು. ನಾ ಅವತ್ತು ಯಾಕ ಅಷ್ಟು ಹಟ ಹಿಡದೆ ಅಂತ ಇವತ್ತು ಹೇಳ್ತೀನಿ.

ಮೊದಲು ನಮ್ಮ ಮನೀದೇ ಕತಿ ಕೇಳ್ರಿ. ನಮ್ಮನಿಯವ್ರು ಹುಟ್ಟಿದ್ದು ದೀಪಾವಳಿ ಆದಮ್ಯಾಲ. ಸಾಲಿಗೆ ಹಚ್ಚೋ ಮುಂದ ಮಾಸ್ತರ್ರು ಏನೂ ಕೇಳದ ಜೂನ್ ಒಂದು ಅಂತ ಬರಕೊಂಡ್ರು. ಆ ಕಾಲದಾಗ ಅರ್ಧ ಊರಿನ ಹುಡುಗರು ಜೂನ್ ಒಂದಕ್ಕೇ ಹುಟ್ಟಿದವ್ರು! ನೀವೂ ನಿಮ್ಮ ಮನಿ ಹಿರಿಯರ ಕಾಗದ ತಗದು ನೋಡ್ರಿ, ಇದ್ದs ಇರತದ. ನಾವೆಲ್ಲಾ ಅದನ್ನ ಚ್ಯಾಷ್ಟಿ ಮಾಡಿ ನಕ್ಕೇವಿ. ಆದ್ರ ಸರಕಾರಿ ನೌಕರಿಯೊಳಗ ಅರವತ್ತು ತುಂಬಿದ ತಿಂಗಳ ಕಡೀ ದಿನ ನಿವೃತ್ತಿ, ಒಂದನೇ ತಾರೀಖಿಗೆ ಹುಟ್ಟಿದವ್ರಿಗೆ ಅದರ ಹಿಂದಿನ ತಿಂಗಳ ಕಡೀ ದಿನ. ಹಿಂಗಾಗಿ ಇವರು ಮೇ 31ಕ್ಕ ಮನಿಗೆ ಬಂದ್ರು. ಖರೆ ತಾರೀಖು ಇದ್ದಿದ್ರ ಇನ್ನೂ ಐದಾರು ತಿಂಗಳ ಪೂರ್ತಿ ಪಗಾರ ಬರತಿತ್ತು. ಮಾಸ್ತರ್ರ ಒಂದು ಗೀಟು ನಮಗ ಅಷ್ಟು ತುಟ್ಟಿ ಬಿತ್ತು.

ಅದು ಹಳೇ ಕಾಲ, ಈಗ ಯಾರು ನೋಡ್ತಾರ ಅನಬ್ಯಾಡ್ರಿ. ಈಗಂತೂ ಇನ್ನೂ ಬಿಗಿ ಆಗೇದ. ಜನನ ಮರಣ ನೋಂದಣಿ ಕಾಯ್ದೆ 1969ರದು, ಅದಕ್ಕ 2023ರಾಗ ತಿದ್ದುಪಡಿ ಮಾಡ್ಯಾರ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಕೂಸುಗಳಿಗೆ ಸಾಲಿ, ಲೈಸೆನ್ಸು, ಮತದಾರರ ಪಟ್ಟಿ, ಮದುವಿ ನೋಂದಣಿ, ಸರಕಾರಿ ನೌಕರಿ, ಆಧಾರ್, ಇಷ್ಟಕ್ಕೂ ಹುಟ್ಟಿದ ತಾರೀಖಿನ ಪುರಾವೆ ಅಂದ್ರ ಜನನ ಪ್ರಮಾಣ ಪತ್ರಾನೇ. ಮುಂದ ಬ್ಯಾರೆ ಕಾಗದ ತೋರಿಸಿ ಪಾರಾಗೋ ಹಂಗಿಲ್ಲ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡೋದು ಅದೇ ಕಾಯ್ದೆಯೊಳಗ ಶಿಕ್ಷೆ ಆಗೋ ತಪ್ಪು. ದವಾಖಾನಿ ಕೇಸ್ ಪೇಪರಿನ್ಯಾಗ 29, ಪ್ರಮಾಣ ಪತ್ರದಾಗ 1 ಅಂತಿದ್ರ ಮುಂದೊಂದು ದಿನ ಯಾವುದು ಖರೆ ಅಂತ ಆ ಕೂಸೇ ಉತ್ತರ ಹೇಳಬೇಕು, ಬೀಗತಿ ಅಲ್ಲ.

ಇನ್ನ "ನಾಕ ವರ್ಷಕ್ಕೊಮ್ಮೆ ಹುಟ್ಟಿದಹಬ್ಬ" ಅನ್ನೋ ಮಾತು. ನಮ್ಮಲ್ಲಿ ಅಧಿಕ ಮಾಸದಾಗ ಕೂಸು ಹುಟ್ಟೂದಿಲ್ಲೇನು? 2023ರಾಗ ಅಧಿಕ ಶ್ರಾವಣ ಬಂದಿತ್ತು. ಆವಾಗ ಹುಟ್ಟಿದ ಕೂಸಿಗೆ ಮತ್ತ ಅಧಿಕ ಶ್ರಾವಣ ಬರೋ ತನಕ ಹುಟ್ಟಿದಹಬ್ಬ ಇಲ್ಲ ಅಂತ ಯಾವ ಅಜ್ಜಿಯಾದ್ರೂ ಅಂದಾಳೇನು? ನಿಜ ಶ್ರಾವಣದ ಅದೇ ತಿಥಿಗೆ ಆರತಿ ಮಾಡ್ತೀವಿ, ಮುಗೀತು. ತಿಥಿ ಲೆಕ್ಕದಾಗ ಇಷ್ಟು ಜಾಣತನ ಇದ್ದ ನಾವು ತಾರೀಖಿನ ಲೆಕ್ಕದಾಗ ಯಾಕ ಗಾಬರಿ ಆಗತೀವೋ ತಿಳೀದು.

ವಯಸ್ಸು ಅಂದ್ರ ಎಷ್ಟು ವರ್ಷ ಕಳೀತು ಅಂತ, ಎಷ್ಟು ಸಲ ಆರತಿ ಆತು ಅಂತ ಅಲ್ಲ. ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಫೆಬ್ರವರಿ 29ಕ್ಕ. ನೂರರಿಂದ ಭಾಗ ಹೋಗೋ ವರ್ಷ ನಾಲ್ಕು ನೂರರಿಂದಲೂ ಹೋದ್ರಷ್ಟೇ ಅಧಿಕ ವರ್ಷ, ಅದಕ್ಕ 1900ರಾಗ 29 ಬರಲೇ ಇಲ್ಲ. ಅವರಿಗೆ ಮೊದಲನೇ 29 ಸಿಕ್ಕಿದ್ದು 1904ರಾಗ, ಎಂಟು ವರ್ಷ ತುಂಬಿದಾಗ. 1977ರ ಮಾರ್ಚಿನ್ಯಾಗ ಪ್ರಧಾನಿ ಆಗೋ ಹೊತ್ತಿಗೆ ಅವರು ಕಂಡ ಫೆಬ್ರವರಿ 29 ಬರೇ ಹತ್ತೊಂಬತ್ತು. ಲೋಕಸಭೆಗೆ ನಿಲ್ಲಾಕ ಇಪ್ಪತ್ತೈದು ವರ್ಷ ಆಗಿರಬೇಕು. ಬೀಗತಿ ಲೆಕ್ಕದಾಗ ಹತ್ತೊಂಬತ್ತರ ಹುಡುಗ ದೇಶ ಆಳಿದ ಅನ್ನಬೇಕು! ಆದ್ರ ಅವರಿಗೆ ಆವಾಗ ಎಂಬತ್ತೊಂದು.

ಹಂಗಾರ ಖರೆ ತೊಡಕು ಎಲ್ಲೂ ಇಲ್ಲೇನು? ಅದ. ಒಂದs ಒಂದು ದಿನದ್ದು. ಅದನ್ನ ಬಿಡಿಸಿ ಹೇಳ್ತೀನಿ.

ನಮ್ಮ ಓಣಿ ಹುಡುಗ ಒಬ್ಬ 2008ರ ಫೆಬ್ರವರಿ 29ಕ್ಕ ಹುಟ್ಟಿದಾಂವ. ಹದಿನೆಂಟು ಅನ್ನೋ ಅಂಕಿ ನಾಲ್ಕರಿಂದ ಭಾಗ ಹೋಗೂದಿಲ್ಲ, ಹಂಗಾಗಿ 29ಕ್ಕ ಹುಟ್ಟಿದ ಯಾರಿಗೂ ಹದಿನೆಂಟನೇ ಹುಟ್ಟಿದಹಬ್ಬ 29ಕ್ಕ ಬರೂದೇ ಇಲ್ಲ. ಗಂಡಿನ ಮದುವಿಯ ಇಪ್ಪತ್ತೊಂದೂ ಹಂಗೇ. ಈ ಹುಡುಗನಿಗೆ ಹದಿನೆಂಟು ಬಂದದ್ದು 2026ರಾಗ. ಅವನು ಗೇರ್ ಗಾಡಿ ಹತ್ತಾಕ ಕಾದು ಕೂತಿದ್ದ. ಫೆಬ್ರವರಿ 28ಕ್ಕ ಮುಂಜಾನೆ "ಕಾಕೂ, ಇವತ್ತು ನನಗ ಹದಿನೆಂಟು" ಅಂತ ಪೇಢೆ ಹಿಡಕೊಂಡು ಬಂದ. ಪೇಢೆ ತಗೊಂಡೆ, ಆದ್ರ "ಇವತ್ತಲ್ಲಪಾ, ನಾಳೆ" ಅಂದೆ.

ಯಾಕ ಅಂದ್ರ, ನಮ್ಮಲ್ಲಿ 1875ರ ಮೆಜಾರಿಟಿ ಆಕ್ಟ್ ಅಂತ ಒಂದದ, ಪ್ರಾಯಕ್ಕ ಬರೋದನ್ನ ಹೇಳೋ ಕಾಯ್ದೆ. ಅದರ ಪ್ರಕಾರ ಹುಟ್ಟಿದ ದಿನಾನ ಪೂರಾ ಒಂದು ದಿನ ಅಂತ ಹಿಡೀಬೇಕು, ಹದಿನೆಂಟನೇ ವರ್ಷದ ಅದೇ ದಿನ ಶುರು ಆಗೂತ್ಲೆ ಆ ಮನಷ್ಯಾ ಪ್ರಾಯಕ್ಕ ಬಂದಂಗ. 29 ಇಲ್ಲದ ವರ್ಷದಾಗ "ಅದೇ ದಿನ" ಯಾವುದು ಅಂತ ಮಾತ್ರ ಅದು ಹೇಳಿಲ್ಲ. ಆದ್ರ ಎಣಿಸಿ ನೋಡ್ರಿ. 29ನ್ನ ಮೊದಲನೇ ದಿನ ಅಂತ ಹಿಡದ್ರ ವರ್ಷ ಪೂರ್ತಿ ಆಗೋದು ಮುಂದಿನ ಫೆಬ್ರವರಿ 28ರ ರಾತ್ರಿ ಹನ್ನೆರಡಕ್ಕ. ಮಾರ್ಚ್ 1 ಹೊಸ ವರ್ಷದ ಮೊದಲನೇ ದಿನ. 28ರ ಹಗಲು ಇನ್ನೂ ಹದಿನೆಂಟರ ಒಳಗೇ ಅದ.

ಒಂದು ದಿನಕ್ಕ ಏನಾಗತದ ಅನ್ನೋವ್ರಿಗೆ ಹೇಳ್ತೀನಿ. ಆ ಒಂದು ದಿನ ಹುಡುಗ ಗಾಡಿ ಹೊಡದು ಸಿಕ್ಕ ಅಂದ್ರ ಮೋಟಾರ್ ವಾಹನ ಕಾಯ್ದೆ ಅವನ ಅಪ್ಪಗ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದ ತನಕ ಜೈಲು ಅಂತದ. ಪರೀಕ್ಷೆಗೂ ಒಂದು ದಿನ ಸಣ್ಣದಲ್ಲ. ರಾಜಸ್ಥಾನದಾಗ ಒಬ್ಬಾತ 1956ರ ಜನವರಿ 2ಕ್ಕ ಹುಟ್ಟಿದಾಂವ. ನೌಕರಿ ಪರೀಕ್ಷೆಯ ನೇಮ, 1984ರ ಜನವರಿ 1ಕ್ಕ ಇಪ್ಪತ್ತೆಂಟು ತುಂಬಿರಬಾರದು. ಅವನು ನನಗ ತುಂಬೋದು 2ಕ್ಕ ಅಂದ. 1986ರಾಗ ಸುಪ್ರೀಂ ಕೋರ್ಟು, ಹುಟ್ಟಿದ ದಿನಾನೂ ಎಣಿಸಬೇಕು, ಅದಕ್ಕ ನಿನಗ 1ನೇ ತಾರೀಖಿಗೇ ತುಂಬೇದ ಅಂತ ಹೇಳಿತು. ಅವಕಾಶ ಹೋತು.

ಇದರಿಂದ ನಾ ಹಿಡಿದ ಹಾದಿ ಇಷ್ಟು. 29 ಇಲ್ಲದ ವರ್ಷದಾಗ, ವಯಸ್ಸು ತುಂಬಿದ್ರ ಸಿಗೋ ಹಕ್ಕಿಗೆ, ಅಂದ್ರ ಗಾಡಿ, ಸಹಿ, ಮದುವಿಗೆ, ಮಾರ್ಚ್ 1ರ ತನಕ ತಡೀರಿ. ವಯಸ್ಸು ಮೀರಿದ್ರ ಹೋಗೋ ಅವಕಾಶಕ್ಕ ಫೆಬ್ರವರಿ 28ಕ್ಕೇ ತುಂಬತದ ಅಂತ ತಿಳಕೊಂಡು ಎಚ್ಚರ ಇರ್ರಿ. ಎರಡೂ ಕಡೆ ನಷ್ಟ ಆಗೂದಿಲ್ಲ.

ನನ್ನ ಸಿಟ್ಟು ಕಾಯ್ದೆ ಮಾಡೋವ್ರ ಮ್ಯಾಲೂ ಅದ. ಹಾಂಗ್‌ಕಾಂಗಿನ ಕಾಯ್ದೆಯೊಳಗ 29ಕ್ಕ ಹುಟ್ಟಿದವ್ರಿಗೆ ಮಾರ್ಚ್ 1 ಅಂತ ಬರದಾರ. ನ್ಯೂಜಿಲೆಂಡಿನ್ಯಾಗ ಗಾಡಿ ಲೈಸೆನ್ಸಿನ ನೇಮದಾಗ ಫೆಬ್ರವರಿ 28 ಅಂತ ಬರದಾರ. ಯಾವುದಾದ್ರೂ ಇರಲಿ, ಬರದಾರಲ್ಲ! ನಮ್ಮ ಕಾಯ್ದೆಗೆ ನೂರೈವತ್ತು ವರ್ಷ ಆದ್ವು, ಆ ಒಂದು ಸಾಲು ಇನ್ನೂ ಬಂದಿಲ್ಲ. ಅದು ಇಲ್ಲದ್ದಕ್ಕ ಒಬ್ಬ ಕ್ಲಾರ್ಕು 28 ಅಂತಾನ, ಇನ್ನೊಬ್ಬ 1 ಅಂತಾನ, ಮನಿ ಮಂದಿ ಹೆದರಿ ತಾರೀಖೇ ಬದಲಿ ಮಾಡಸ್ತಾರ.

ಹಂಗಂತ ಎಲ್ಲಾ ಕಡೆ ತೊಡಕಿಲ್ಲ. ಮತದಾರರ ಪಟ್ಟಿಗೆ ವಯಸ್ಸು ನೋಡೋದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ. 28 ಆದ್ರೇನು, ಮಾರ್ಚ್ 1 ಆದ್ರೇನು, ಏಪ್ರಿಲ್ ಒಂದಕ್ಕ ಎರಡೂ ಒಂದೇ. ನಿವೃತ್ತಿ ವಯಸ್ಸು ಅರವತ್ತು ನಾಲ್ಕರಿಂದ ಭಾಗ ಹೋಗತದ. ನಮ್ಮ ಕೂಸಿನ ಅರವತ್ತಕ್ಕ 2084, ಆ ವರ್ಷ ಫೆಬ್ರವರಿ 29 ಇದ್ದೇ ಇರತದ. ಮಾರ್ಚ್ 1 ಅಂತ ಸುಳ್ಳು ಬರಸಿದ್ರೂ, ಒಂದನೇ ತಾರೀಖಿನ ನೇಮದ ಪ್ರಕಾರ ಮನಿಗೆ ಬರೋದು ಅದೇ ದಿನ. ಸುಳ್ಳಿನಿಂದ ಒಂದು ದಿನದ ಪಗಾರಾನೂ ಗಿಟ್ಟೂದಿಲ್ಲ!

ಮುಂದಿನ ಫೆಬ್ರವರಿ 29 ಬರೋದು 2028ಕ್ಕ. ಆವಾಗ ನಿಮ್ಮ ಮನ್ಯಾಗ ಯಾರಾದ್ರೂ ಹಡದ್ರ, ಕೌಂಟರಿನ್ಯಾಗ ಪೆನ್ನು ತಗದಾಂವಗ ಒಂದ ಮಾತು ಹೇಳ್ರಿ: ಇದ್ದದ್ದ ಇದ್ದಂಗ ಬರಿಯಪಾ. ಬರದದ್ದನ್ನ ಅಲ್ಲೇ ನಿಂತು ಒಮ್ಮೆ ಓದ್ರಿ. ಆರತಿ 28ಕ್ಕ ಮಾಡ್ರಿ, 1ಕ್ಕ ಮಾಡ್ರಿ, ತಿಥಿಗೆ ಮಾಡ್ರಿ, ಅದು ನಿಮ್ಮ ಮನಿ ಮಾತು. ನಮ್ಮ ಕೂಸಿಗೆ ಈ ವರ್ಷ ಎರಡೂ ದಿನ ಹೋಳಿಗಿ ಆತು, ಎರಡನೇ ದಿನದ್ದು ಬೀಗತಿಯವ್ರೇ ಮಾಡಿ ಕಳಿಸಿದ್ರು.