ಟ್ರಿಕ್ ವಿಡಿಯೊದ ಕೆಳಗೆ ಏನು ಬರೆಯಬೇಕು?

ನಮ್ಮ ಅಭ್ಯಾಸ ಬೋಧನೆಯ ಶಾಲೆಗಳಲ್ಲಿ ಎಂಟನೇ ತರಗತಿಯ ಹೆಚ್ಚಿನ ಮಕ್ಕಳು ಸಂಜೆ ಟ್ಯೂಷನ್‌ಗೆ ಹೋಗುತ್ತಾರೆ. ಹೋಗದವರೂ ಮನೆಯವರ ಮೊಬೈಲ್‌ನಲ್ಲಿ ಟ್ಯೂಷನ್ ಮೇಷ್ಟ್ರುಗಳ ಅರ್ಧ ನಿಮಿಷದ ಗಣಿತ ವಿಡಿಯೊ ನೋಡಿರುತ್ತಾರೆ. ವಿಡಿಯೊದ ಕೆಳಗೆ ಎರಡು ಮೂರು ಸಾಲಿನ ಅಡಿಬರಹ ಇರುತ್ತದೆ. ಅದರಲ್ಲಿ ಟ್ರಿಕ್‌ನ ಹೊಗಳಿಕೆಯೂ ಹೊಸ ಬ್ಯಾಚಿನ ಪ್ರಚಾರವೂ ಒಟ್ಟಿಗೆ ಇರುತ್ತವೆ. ಈ ಅಡಿಬರಹವೂ ಪಾಠದ ಒಂದು ಭಾಗವೇ, ಅದನ್ನು ಬರೆಯುವುದಕ್ಕೂ ಬೋಧನಾ ವಿಧಾನದ ಲೆಕ್ಕಾಚಾರ ಬೇಕು ಎಂಬುದು ನನ್ನ ಅಭಿಪ್ರಾಯ.

ಒಂದೇ ಉದಾಹರಣೆ ತೆಗೆದುಕೊಳ್ಳುತ್ತೇನೆ. 5ರಿಂದ ಕೊನೆಯಾಗುವ ಸಂಖ್ಯೆಯ ವರ್ಗ ಕಂಡುಹಿಡಿಯುವ ಟ್ರಿಕ್ ಬಹಳ ಜನಪ್ರಿಯ. 35 × 35 ಬೇಕೆಂದರೆ 3ನ್ನು ಅದರ ಮುಂದಿನ ಸಂಖ್ಯೆ 4ರಿಂದ ಗುಣಿಸಿ 12 ಬರೆಯುವುದು, ಪಕ್ಕದಲ್ಲಿ 25 ಸೇರಿಸುವುದು. ಉತ್ತರ 1225. ನಮ್ಮ ತರಗತಿಯ ಮಕ್ಕಳು ತೋರಿಸಿದ ಒಂದು ವಿಡಿಯೊದ ಕೆಳಗೆ ಹೆಚ್ಚುಕಡಿಮೆ ಹೀಗಿತ್ತು: ‘ಕೊನೆಗೆ 5 ಇದ್ದರೆ ಸಾಕು, ಗುಣಾಕಾರ 3 ಸೆಕೆಂಡ್! ಇದನ್ನು ಶಾಲೆಯಲ್ಲಿ ಹೇಳಿಕೊಡಲ್ಲ. ಹೊಸ ಬ್ಯಾಚ್ ಸೋಮವಾರದಿಂದ, 20 ಸೀಟು ಮಾತ್ರ.’

ವಿಡಿಯೊದಲ್ಲಿ ಮಾಡಿ ತೋರಿಸಿದ ಮೂರೂ ಲೆಕ್ಕ ಸರಿ. ತಪ್ಪು ಇರುವುದು ಅಡಿಬರಹದ ಮೊದಲ ಸಾಲಿನಲ್ಲಿ. ಟ್ರಿಕ್ ನಡೆಯಲು ಎರಡು ಷರತ್ತುಗಳಿವೆ: ಬಿಡಿ ಸ್ಥಾನದಲ್ಲಿ 5 ಇರಬೇಕು, ಮತ್ತು ಎರಡೂ ಸಂಖ್ಯೆಗಳು ಒಂದೇ ಆಗಿರಬೇಕು. ಅಡಿಬರಹ ಎರಡನೆಯ ಷರತ್ತನ್ನು ಬಿಟ್ಟುಬಿಟ್ಟಿದೆ. ಅದರ ಪರಿಣಾಮ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. 25 × 35 ಕೊಟ್ಟಾಗ ಕೆಲವು ಮಕ್ಕಳು ಹತ್ತರ ಸ್ಥಾನದ 2 ಮತ್ತು 3ನ್ನು ಗುಣಿಸಿ 6 ಬರೆದು, ಪಕ್ಕದಲ್ಲಿ 25 ಇಟ್ಟು 625 ಎಂದರು. ಸರಿಯಾದ ಉತ್ತರ 875.

ಇದು ಅಜಾಗರೂಕತೆಯ ತಪ್ಪಲ್ಲ. ವಿಡಿಯೊದಲ್ಲಿ ಮಗು ನೋಡಿದ್ದು ‘ಎರಡು ಅಂಕಿಗಳನ್ನು ಗುಣಿಸು, 25 ಸೇರಿಸು’ ಎಂಬ ಕ್ರಿಯೆಯನ್ನು. 25 × 25ರಲ್ಲಿ 3 ಎಂಬುದು 2ರ ಮುಂದಿನ ಸಂಖ್ಯೆಯಾಗಿ ಬಂದಿತ್ತು. 25 × 35ರಲ್ಲಿ ಅದು ಕಣ್ಣೆದುರೇ ಸಿದ್ಧವಾಗಿದೆ. ಮಗುವಿಗೆ ಎರಡೂ ಒಂದೇ ಎಂದು ಕಾಣುವುದು ಸಹಜ. ಇಂಥ ತಪ್ಪನ್ನು ಹಿಡಿಯಲು ಸುಲಭವಾದ ದಾರಿಯೂ ಇದೆ. ಆ ಮಕ್ಕಳಿಗೆ 25 × 25 ಕೂಡ ಮಾಡಲು ಹೇಳಿದರೆ ಅಲ್ಲೂ 625 ಬರುತ್ತದೆ. ‘25ನ್ನು 25 ಸಲ ಕೂಡಿದರೂ 35 ಸಲ ಕೂಡಿದರೂ ಒಂದೇ ಮೊತ್ತ ಬರುತ್ತದೆಯೇ?’ ಎಂದು ಕೇಳಿದರೆ ಸಾಕು, ಅವರೇ ಪೆನ್ಸಿಲ್ ಕೆಳಗಿಡುತ್ತಾರೆ. ಅಂದಾಜು ಮಾಡಿಸಿದರೂ ಆಗುತ್ತದೆ: 25 × 30 ಎಂದರೆ 750, ಆದ್ದರಿಂದ ಉತ್ತರ 750ಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ.

ಎರಡನೆಯ ಷರತ್ತು ಏಕೆ ಬೇಕು ಎಂಬುದನ್ನು ಚೌಕಳಿ ಹಾಳೆಯಲ್ಲಿ ತೋರಿಸಬಹುದು. 35 ಬಾಹುವಿನ ಚೌಕ ಬರೆದು, ಎರಡು ಬದಿಗಳಲ್ಲಿ 5 ಅಗಲ ಬಿಟ್ಟು ಗೆರೆ ಎಳೆದರೆ ನಾಲ್ಕು ತುಂಡುಗಳಾಗುತ್ತವೆ: 30 × 30ರ ದೊಡ್ಡ ಚೌಕ, 30 × 5ರ ಎರಡು ಪಟ್ಟಿಗಳು, ಮೂಲೆಯಲ್ಲಿ 5 × 5ರ ಸಣ್ಣ ಚೌಕ. ಎರಡು ಪಟ್ಟಿಗಳನ್ನೂ ಕತ್ತರಿಸಿ ಅಕ್ಕಪಕ್ಕ ಜೋಡಿಸಿದರೆ 30 × 10ರ ಆಯತ. ಅದನ್ನು ದೊಡ್ಡ ಚೌಕಕ್ಕೆ ಅಂಟಿಸಿದರೆ 30 × 40ರ ಆಯತ, ವಿಸ್ತೀರ್ಣ 1200. ಉಳಿದದ್ದು ಮೂಲೆಯ 25. ‘3ರ ಮುಂದಿನ ಸಂಖ್ಯೆ 4’ ಎನ್ನುವುದರಲ್ಲಿ ಈ ಎರಡು ಪಟ್ಟಿಗಳು ಅಡಗಿವೆ.

ಈಗ 35 × 45 ನೋಡೋಣ. ತುಂಡುಗಳು 30 × 40, 30 × 5, 40 × 5 ಮತ್ತು 5 × 5. ಅಂದರೆ 1200 + 150 + 200 + 25 = 1575. ಮಗು 3 ಮತ್ತು 4ನ್ನು ಗುಣಿಸಿ 1225 ಎಂದು ಬರೆದಾಗ ದೊಡ್ಡ ಆಯತ ಮತ್ತು ಮೂಲೆಯ ಚೌಕ ಮಾತ್ರ ಲೆಕ್ಕಕ್ಕೆ ಬಂದಿವೆ. 150 ಮತ್ತು 200ರ ಎರಡು ಪಟ್ಟಿಗಳು ಬಿಟ್ಟುಹೋಗಿವೆ. ಉತ್ತರದಲ್ಲಿ ಕೊರತೆ ಬಿದ್ದಿರುವುದೂ ಸರಿಯಾಗಿ 350. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹಾಕಿದರೆ ಮಗುವಿಗೆ ಇದು ತಿಳಿಯುವುದಿಲ್ಲ. ಬಿಟ್ಟುಹೋದ ಪಟ್ಟಿಗಳನ್ನು ಚಿತ್ರದಲ್ಲಿ ತಾನೇ ಗುರುತಿಸಿದರೆ ತಿಳಿಯುತ್ತದೆ.

ಅಡಿಬರಹದ ಎರಡನೆಯ ಸಾಲಿಗೂ ನನ್ನ ತಕರಾರಿದೆ. ಈ ವಿನ್ಯಾಸ ಶಾಲೆಯಲ್ಲಿ ಇಲ್ಲದ ಗುಟ್ಟೇನೂ ಅಲ್ಲ. ಎನ್‌ಸಿಇಆರ್‌ಟಿಯ ಹಿಂದಿನ ಎಂಟನೇ ತರಗತಿ ಪುಸ್ತಕದ ವರ್ಗ ಮತ್ತು ವರ್ಗಮೂಲಗಳ ಅಧ್ಯಾಯದಲ್ಲಿ ಇದು ಬೀಜಗಣಿತದ ಕಾರಣದೊಂದಿಗೇ ಇದೆ: (10a + 5)² = 100a(a + 1) + 25. ‘ಶಾಲೆಯಲ್ಲಿ ಹೇಳಿಕೊಡಲ್ಲ’ ಎಂದು ಓದಿದ ಮಗು, ಆ ಪುಟ ಬಂದಾಗ ಇದು ಬೇರೇನೋ ಪಾಠ ಎಂದುಕೊಳ್ಳುತ್ತದೆ. ಟ್ರಿಕ್ ಒಂದು ಕಡೆ, ಕಾರಣ ಇನ್ನೊಂದು ಕಡೆ ಉಳಿದುಬಿಡುತ್ತವೆ.

ಹಾಗೆಂದು ಬ್ಯಾಚಿನ ಪ್ರಚಾರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಟ್ಯೂಷನ್ ಹಲವರ ಜೀವನೋಪಾಯ. ನೇಮಕಾತಿಗೆ ಕಾಯುವ ಅವಧಿಯಲ್ಲಿ ನಮ್ಮಲ್ಲೇ ಹಲವರು ಅದನ್ನು ಮಾಡುವವರಿದ್ದೇವೆ. ಉದ್ದದ ಅಡಿಬರಹವನ್ನು ಯಾರೂ ಓದುವುದಿಲ್ಲ ಎಂಬ ಸಹಪಾಠಿಗಳ ಮಾತೂ ನಿಜ. ಪರದೆಯ ಮೇಲೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಷರತ್ತು ಮೊದಲ ಸಾಲಿನಲ್ಲೇ ಇರಬೇಕು ಎಂದು ನಾನು ಹೇಳುವುದು ಅದಕ್ಕಾಗಿಯೇ. ಅದೇ ವಿಡಿಯೊಗೆ ನಾನಾದರೆ ಹೀಗೆ ಬರೆಯುತ್ತೇನೆ:

‘ಎರಡೂ ಸಂಖ್ಯೆ ಒಂದೇ ಇದ್ದು, ಕೊನೆಗೆ 5 ಇದ್ದರೆ ಮಾತ್ರ ಈ ದಾರಿ. 75 × 75: 7 × 8 = 56, ಪಕ್ಕದಲ್ಲಿ 25, ಉತ್ತರ 5625. 75 × 85ಕ್ಕೆ ಇದು ಏಕೆ ನಡೆಯುವುದಿಲ್ಲ? ಚಿತ್ರ ಬರೆದು ನೋಡಿ. ಎಂಟನೇ ತರಗತಿಯ ಹೊಸ ಬ್ಯಾಚ್ ಸೋಮವಾರ ಸಂಜೆ 5.30ರಿಂದ, 20 ಸೀಟು.’

ಇದರಲ್ಲಿ ಪ್ರಚಾರ ಕಡಿಮೆಯಾಗಿಲ್ಲ. 75 × 85ರ ಪ್ರಶ್ನೆಗೆ ಉತ್ತರ ಬೇಕೆನಿಸಿದ ಮಗು ಬ್ಯಾಚಿಗೂ ಬಂದೀತು. ಬಂದರೆ ಸೆಕೆಂಡು ಎಣಿಸಲು ಬರುವುದಿಲ್ಲ, ಕಾರಣ ಕೇಳಲು ಬರುತ್ತದೆ.

ಬೋಧಕರಲ್ಲಿ ನನ್ನದೊಂದು ಸಲಹೆ. ಗಣಿತ ಬೋಧನಾ ವಿಧಾನದ ತರಗತಿಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ಇಂಥ ಒಂದು ವಿಡಿಯೊದ ಅಡಿಬರಹವನ್ನು ಕೊಟ್ಟು ಮೂರು ಕೆಲಸ ಮಾಡಿಸಬಹುದು: ಬಿಟ್ಟುಹೋದ ಷರತ್ತನ್ನು ಹುಡುಕುವುದು, ಆ ಷರತ್ತು ಮುರಿದಾಗ ಮಗು ಬರೆಯಬಹುದಾದ ತಪ್ಪು ಉತ್ತರವನ್ನು ಮೊದಲೇ ಊಹಿಸುವುದು, ಆಮೇಲೆ ಅಡಿಬರಹವನ್ನು ತಿದ್ದಿ ಬರೆಯುವುದು. ಸೂಕ್ಷ್ಮ ಬೋಧನೆಯ ಒಂದು ಅವಧಿಗೆ ಇಷ್ಟು ಸಾಕಾಗುತ್ತದೆ. ಪಾಠ ಯೋಜನೆಯಲ್ಲಿ ‘ನಿರೀಕ್ಷಿತ ತಪ್ಪುಗಳು’ ಎಂಬ ಕಡೆ ನಾವು ಸಾಮಾನ್ಯವಾಗಿ ‘ಲೆಕ್ಕದಲ್ಲಿ ತಪ್ಪು ಮಾಡಬಹುದು’ ಎಂದಷ್ಟೇ ಬರೆದು ಮುಗಿಸುತ್ತೇವೆ. ಅಲ್ಲಿ ‘25 × 35 = 625 ಎನ್ನಬಹುದು, ಎರಡು ಪಟ್ಟಿಗಳನ್ನು ಬಿಟ್ಟಿರುತ್ತಾರೆ’ ಎಂದು ಬರೆಯುವಂತಾದರೆ, ಮರುದಿನ ತರಗತಿಯಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದು ನಮಗೆ ಗೊತ್ತಿರುತ್ತದೆ.