‘ರೆಫರ್’ ಅಂತ ಬರೆದರೆ ಸಾಲದು, ತಾರೀಖೂ ಬರೆಯಿರಿ

ಹೆರಿಗೆಯಾದ ಮಾರನೇ ದಿನ ಆಸ್ಪತ್ರೆಯಲ್ಲಿ ಕೂಸಿನ ಕಿವಿ ಪರೀಕ್ಷೆ ಆಗುತ್ತದೆ. ಚೀಟಿಯಲ್ಲಿ ‘ಬಲಗಿವಿ ಪಾಸ್, ಎಡಗಿವಿ ರೆಫರ್’ ಅಂತ ಬರೆದಿರುತ್ತದೆ ಅಂದುಕೊಳ್ಳಿ. ಮನೆಗೆ ಬಂದ ಮೇಲೆ ಒಬ್ಬರು ‘ಮಗು ಕಿವುಡಂತೆ’ ಅಂತ ಕಣ್ಣೀರು ಹಾಕುತ್ತಾರೆ. ಅಜ್ಜಿ ತಟ್ಟೆ ಬಡಿಯುತ್ತಾರೆ, ಕೂಸು ಬೆಚ್ಚುತ್ತದೆ. ‘ಏನೂ ಆಗಿಲ್ಲ ಬಿಡಿ’ ಅನ್ನುತ್ತಾರೆ. ಎರಡೂ ಸರಿಯಲ್ಲ.

ಮೊದಲ ಪರೀಕ್ಷೆಯ ಹೆಸರು ಓಎಇ. ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಸದ್ದು ಬಿಡುತ್ತಾರೆ. ಒಳಗಿವಿ ಚೆನ್ನಾಗಿದ್ದರೆ ಅಲ್ಲಿಂದ ಮರುದನಿ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಸಿಗದಿದ್ದರೆ ‘ರೆಫರ್’. ಹುಟ್ಟಿದ ಒಂದೆರಡು ದಿನ ಕಿವಿಯಲ್ಲಿ ಬಿಳಿ ಲೋಳೆ, ನೀರು ಉಳಿದಿರಬಹುದು. ವಾರ್ಡಿನ ಗಲಾಟೆ, ಕೂಸಿನ ಅಳುವೂ ಅಡ್ಡಬರಬಹುದು. ಹಾಗಾಗಿ ರೆಫರ್ ಅಂದರೆ ಕಿವುಡು ಅಂತಲ್ಲ, ‘ಇನ್ನೊಮ್ಮೆ ನೋಡಬೇಕು’ ಅಂತ.

ತಟ್ಟೆ ಬಡಿದು ನೋಡುವುದು ಯಾಕೆ ಸಾಲದು? ಒಂದೇ ಕಿವಿ ಕೇಳಿದರೂ ಮಗು ಬೆಚ್ಚುತ್ತದೆ. ದೊಡ್ಡ ಸದ್ದು ಕೇಳಿಸಿ, ಮಾತು ಕೇಳಿಸದ ಮಕ್ಕಳೂ ಇರುತ್ತಾರೆ.

ಒಂದು ತಿಂಗಳೊಳಗೆ ಎರಡೂ ಕಿವಿಗೆ ಮರುಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಎಣ್ಣೆ ಸ್ನಾನದಲ್ಲಿ ಕಿವಿಗೆ ಎಣ್ಣೆ ಬಿಡಬೇಡಿ. ಮತ್ತೆ ರೆಫರ್ ಬಂದರೆ ಮೂರು ತಿಂಗಳೊಳಗೆ ಬೇರಾ ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿ, ಸದ್ದು ನರದ ಮೂಲಕ ಮೆದುಳಿನತ್ತ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ, ಆದರೆ ಮಗು ಮಲಗಿರಬೇಕು. ದಾರಿಯಲ್ಲಿ ಮಲಗಿಸದೆ ಕರೆದೊಯ್ದು, ಅಲ್ಲೇ ಹಾಲು ಕುಡಿಸಿ ಮಲಗಿಸಿ. ಎಳೆಗೂಸಿಗೆ ಇದು ಸುಲಭ. ದೊಡ್ಡದಾದರೆ ನಿದ್ದೆಯ ಔಷಧ ಕೊಡಬೇಕಾಗಬಹುದು. ದೋಷ ಖಚಿತವಾದರೆ ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ಚಿಕಿತ್ಸೆ ಶುರುವಾಗಬೇಕು. ಮಾತು ಕಲಿಯುವುದು ಕೇಳಿಸಿಕೊಂಡೇ ತಾನೆ!

ಎನ್‌ಐಸಿಯುನಲ್ಲಿ ಇದ್ದ ಮಗುವಿಗೆ ಓಎಇ ಪಾಸ್ ಆದರೂ ನರದ ಪರೀಕ್ಷೆ ಕೇಳಿ ಮಾಡಿಸಿ. ಒಳಗಿವಿ ಸರಿಯಿದ್ದು ನರದಲ್ಲಿ ತೊಂದರೆ ಇದ್ದರೆ ಓಎಇಗೆ ಅದು ಗೊತ್ತಾಗುವುದಿಲ್ಲ.

ಚೀಟಿ ಕಳೆದುಹೋಗುವುದು ಬಾಣಂತನದಲ್ಲಿ. ಹೆರಿಗೆ ಒಂದೂರಲ್ಲಿ, ಬಾಣಂತನ ತವರಲ್ಲಿ, ರಿಜಿಸ್ಟರಿನಲ್ಲಿರುವುದು ಗಂಡನ ಫೋನ್ ನಂಬರು. ಆಸ್ಪತ್ರೆಯವರು ಕರೆದರೂ ತಾಯಿಗೆ ಸುದ್ದಿ ಮುಟ್ಟುವುದಿಲ್ಲ. ನಲವತ್ತು ದಿನ ಹೊರಗೆ ಕಳಿಸುವುದಿಲ್ಲ ಅನ್ನುವ ಹೊತ್ತಿಗೆ ಮೊದಲ ಗಡುವು ಮುಗಿದಿರುತ್ತದೆ.

ಅದಕ್ಕೇ ನನ್ನ ಒತ್ತಾಯ: ರೆಫರ್ ಅಂತ ಬರೆಯುವವರು ಮರುಪರೀಕ್ಷೆಯ ತಾರೀಖು, ಜಾಗ, ತವರಿನ ಫೋನ್ ನಂಬರು ಮೂರನ್ನೂ ತಾಯಿ ಕಾರ್ಡಿನಲ್ಲೇ ಬರೆಯಲಿ. ಬರೆಯದಿದ್ದರೆ ಡಿಸ್ಚಾರ್ಜ್ ಆಗುವ ಮೊದಲು ನೀವೇ ಕೇಳಿ ಬರೆಸಿಕೊಳ್ಳಿ. ಆಶಾ ಅಕ್ಕನಿಗೂ ಆ ಚೀಟಿ ತೋರಿಸಿ. ಮುಂದಿನ ಪರೀಕ್ಷೆಗೆ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಂತೂ ಇದೇ ಕೆಲಸ ನಡೆಯುತ್ತದೆ.