ಚದರಡಿಗೆ ಎಷ್ಟು ಅಂತ ಕೇಳೋದು ಬಿಡಿ

ಮನೆಗೆ ಬಣ್ಣ ಹೊಡೆಸೋರೆಲ್ಲ ಮೊದಲು ಕೇಳೋ ಪ್ರಶ್ನೆ "ಸ್ಕ್ವೇರ್ ಫೀಟಿಗೆ ಎಷ್ಟು?" ನನ್ನ ತಕರಾರು ಇರೋದು ಈ ಪ್ರಶ್ನೆಯ ಮೇಲೇ. ಪೇಂಟಿಂಗ್‌ನವರು ಮೋಸ ಮಾಡ್ತಾರೆ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕೂಗಾಡೋರು, ಆ ಮೋಸಕ್ಕೆ ಬಾಗಿಲು ತೆಗೆದುಕೊಟ್ಟಿದ್ದು ತಮ್ಮದೇ ಪ್ರಶ್ನೆ ಅಂತ ಯೋಚಿಸಲ್ಲ. ಯಾವುದರ ಚದರಡಿ? ಗೋಡೆಯದ್ದೋ, ನೆಲದ್ದೋ, ಸೇಲ್ ಡೀಡಿನಲ್ಲಿ ಬರೆದಿರೋದೋ? ಆ ಒಂದು ಚದರಡಿಯ ಮೇಲೆ ಏನೇನು ಕೂರುತ್ತೆ? ಇದು ಗೊತ್ತಿಲ್ಲದೆ ಹದಿಮೂರು ಅಗ್ಗ, ಹದಿನಾರು ದುಬಾರಿ ಅನ್ನೋದು, ತಟ್ಟೆಯಲ್ಲಿ ಏನಿದೆ ಅಂತ ನೋಡದೆ ಊಟದ ಬೆಲೆ ಚೌಕಾಸಿ ಮಾಡಿದ ಹಾಗೆ.

ಒಂದು ಲೆಕ್ಕ ನೋಡೋಣ. ಬೆಂಗಳೂರಿನ ಒಂದು ಎರಡು ಬೆಡ್‌ರೂಮಿನ ಫ್ಲಾಟ್, ಏಳು ವರ್ಷ ಹಳೇದು ಅಂತಿಟ್ಟುಕೊಳ್ಳಿ. ಗೋಡೆಗಳಿಗೆ ಈಗಾಗಲೇ ಎಮಲ್ಷನ್ ಇದೆ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು, ಸೋಫಾ ಹಿಂದೆ ಎಣ್ಣೆತಲೆಯ ಕಲೆ. ಮೂರು ಕೊಟೇಶನ್ ಬಂದಿವೆ. ಮೊದಲನೆಯವರದ್ದು ಚದರಡಿಗೆ 13 ರೂಪಾಯಿ, ಎರಡನೆಯವರದ್ದು 16, ಮೂರನೆಯವರದ್ದು 38. ನೋಡಿದ ಕೂಡಲೇ ಮೂರನೆಯವರನ್ನು ಬೈದು, ಎರಡನೆಯವರಿಗೆ "ಸಾರಿ" ಅಂತ ಮೆಸೇಜ್ ಹಾಕಿ, ಮೊದಲನೆಯವರಿಗೆ ಅಡ್ವಾನ್ಸ್ ಕಳಿಸೋದು ನಮ್ಮ ಜನರ ಪದ್ಧತಿ.

ಸ್ವಲ್ಪ ನಿಲ್ಲಿ. ಮೊದಲನೆಯವರು ಗೋಡೆಯ ಉದ್ದ ಎತ್ತರ ಗುಣಿಸಿ, ಬಾಗಿಲು, ಕಿಟಕಿ, ವಾರ್ಡ್‌ರೋಬು, ಅಡುಗೆಮನೆಯ ಟೈಲ್ಸು ಯಾವುದನ್ನೂ ಕಳೆಯದೆ 3,400 ಚದರಡಿ ಬರೆದಿದ್ದಾರೆ. ಒಟ್ಟು 44,200. ಎರಡನೆಯವರು ಅವನ್ನೆಲ್ಲ ಕಳೆದು ಗೋಡೆ 2,050, ಸೀಲಿಂಗ್ 850, ಒಟ್ಟು 2,900 ಅಂದಿದ್ದಾರೆ. 46,400 ಆಯ್ತು. ಮೂರನೆಯವರು ಗೋಡೆ ಅಳೆದೇ ಇಲ್ಲ. ಫ್ಲಾಟಿನ ಸೂಪರ್ ಬಿಲ್ಟಪ್ ಏರಿಯಾ 1,200ಕ್ಕೆ 38ರಿಂದ ಗುಣಿಸಿ 45,600 ಹೇಳಿದ್ದಾರೆ. ಮೂರನ್ನೂ ನಿಜವಾಗಿ ಬಣ್ಣ ಬೀಳೋ 2,900 ಚದರಡಿಗೆ ಭಾಗಿಸಿದರೆ ಕ್ರಮವಾಗಿ 15.24, 16, 15.72. ಹದಿಮೂರಕ್ಕೂ ಮೂವತ್ತೆಂಟಕ್ಕೂ ಇದ್ದ ದೊಡ್ಡ ಕಂದಕ ಒಂದು ರೂಪಾಯಿಯೊಳಗೆ ಬಂದು ನಿಂತಿತು!

(ಕಿಟಕಿ ಕಳೆಯದೇ ಇರೋದೆಲ್ಲ ಕಳ್ಳತನ ಅಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಕಿಟಕಿಯ ಒಳಅಂಚಿಗೆ ಬ್ರಷ್ ಹಿಡಿದು ಎಳೆಯೋದು ಬಯಲು ಗೋಡೆಗೆ ರೋಲರ್ ಓಡಿಸೋದಕ್ಕಿಂತ ನಿಧಾನದ ಕೆಲಸ. ಸಣ್ಣ ಕಿಟಕಿ ಬಿಟ್ಟುಬಿಡಿ. ಆದರೆ ಏಳಡಿಯ ವಾರ್ಡ್‌ರೋಬಿಗೂ ಬಣ್ಣದ ದುಡ್ಡು ಯಾಕ್ರೀ?)

ಒಟ್ಟು ಮೊತ್ತ ಹೆಚ್ಚುಕಮ್ಮಿ ಒಂದೇ ಆದ ಮೇಲೆ, ಆ ದುಡ್ಡಿಗೆ ಗೋಡೆ ಮೇಲೆ ಏನು ಬರುತ್ತೆ ಅನ್ನೋದು ಮಾತ್ರ ಉಳಿಯೋ ಪ್ರಶ್ನೆ. ಮೊದಲನೆಯವರ ಹಾಳೆಯಲ್ಲಿ "2 ಕೋಟ್ ಪುಟ್ಟಿ, 1 ಕೋಟ್ ಪ್ರೈಮರ್, 2 ಕೋಟ್ ಏಷ್ಯನ್ ಪೇಂಟ್ಸ್" ಅಂತಿದೆ. ಎರಡನೆಯವರದ್ದರಲ್ಲಿ "ಟಚಪ್ ಪುಟ್ಟಿ, 1 ಕೋಟ್ ಪ್ರೈಮರ್, ಗೋಡೆಗೆ 2 ಕೋಟ್ ಏಷ್ಯನ್ ಪೇಂಟ್ಸ್ ಆಪ್ಕೊಲೈಟ್ ಪ್ರೀಮಿಯಂ ಎಮಲ್ಷನ್, ಸೀಲಿಂಗಿಗೆ 2 ಕೋಟ್ ಟ್ರ್ಯಾಕ್ಟರ್ ಎಮಲ್ಷನ್." ಮೂರನೆಯವರದ್ದು "ಒಳ್ಳೆ ಬ್ರ್ಯಾಂಡ್ ಅಥವಾ ಅದಕ್ಕೆ ಸಮ." ಆ "ಸಮ" ಅನ್ನೋ ಪದ ಕಂಡ ತಕ್ಷಣ ಆ ಹಾಳೆ ಪಕ್ಕಕ್ಕಿಡಿ.

ಉಳಿದ ಎರಡರಲ್ಲಿ ಮೊದಲನೆಯದೇ ಭರ್ಜರಿಯಾಗಿ ಕಾಣುತ್ತೆ, ಎರಡು ಕೋಟ್ ಪುಟ್ಟಿ ಇದೆಯಲ್ಲ! ನಾನು ಒಪ್ಪಲ್ಲ. ಈ ಗೋಡೆಗೆ ಅದು ಬೇಡದ ಖರ್ಚು, ಸಾಲದ್ದಕ್ಕೆ ಅಪಾಯ. ನಮ್ಮಲ್ಲಿ ಹೆಚ್ಚಾಗಿ ಬಳಸೋ ವೈಟ್ ಸಿಮೆಂಟ್ ಪುಟ್ಟಿ ಪ್ಲಾಸ್ಟರಿಗೆ ಕಚ್ಚಿ ಕೂರೋ ವಸ್ತು. ಹಳೇ ಎಮಲ್ಷನ್ ಅಂದ್ರೆ ಗೋಡೆ ಮೇಲೆ ಎಳೆದ ತೆಳ್ಳನೆ ಪ್ಲಾಸ್ಟಿಕ್ ಪೊರೆ ಇದ್ದ ಹಾಗೆ. ಅದನ್ನು ಕೆರೆದು ತೆಗೆಯದೆ ಮೇಲೆ ಪುಟ್ಟಿ ಮೆತ್ತಿದರೆ ಹಿಡಿತ ಸಿಗಲ್ಲ, ಒಂದೆರಡು ಮಳೆಗಾಲ ಕಳೆಯೋ ಹೊತ್ತಿಗೆ ಚಕ್ಕೆ ಚಕ್ಕೆಯಾಗಿ ಎದ್ದು ಬರಬಹುದು. ಆ ಹಾಳೆಯಲ್ಲಿ ಕೆರೆಯೋ ಮಾತೇ ಇಲ್ಲ. ಗಟ್ಟಿಯಾಗಿರೋ ಹಳೇ ಎಮಲ್ಷನ್ನಿಗೆ ಎಮರಿ ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ಬಿರುಕಿಗಷ್ಟೇ ಪುಟ್ಟಿ ತುಂಬಿ, ಪ್ರೈಮರ್ ಹೊಡೆದರೆ ಸಾಕು.

ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯೋಕೆ ಅಂಗೈಯಿಂದ ಗೋಡೆ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣವೋ ಡಿಸ್ಟೆಂಪರೋ ಅಥವಾ ಸತ್ತುಹೋದ ಬಣ್ಣವೋ ಆಗಿರುತ್ತೆ. ಆಗ ಪೂರ್ತಿ ಕೆರೆದು ಎರಡು ಕೋಟ್ ಪುಟ್ಟಿ ಹಾಕಿಸೋದೇ ಸರಿ, ಆಗ ನನ್ನ ವೋಟು ಮೊದಲನೆಯವರ ಪಟ್ಟಿಗೆ, ಕೆರೆಯೋ ಕೂಲಿ ಸೇರಿಸಿ. ಇನ್ನು ಬಾತ್‌ರೂಮಿನ ಬೆನ್ನಿಗಿರೋ ಗೋಡೆ ತೇವ ಬಿಡ್ತಿದ್ರೆ ಮೊದಲು ಪ್ಲಂಬರ್, ಆಮೇಲೆ ಪೇಂಟರ್.

ಪ್ರೈಮರನ್ನು ಜನ ಸುಮ್ನೆ ಬಿಳಿ ನೀರು ಅಂದ್ಕೋತಾರೆ. ಪುಟ್ಟಿ ತುಂಬಿದ ಜಾಗ ಬಾಯಾರಿದ ನೆಲದ ಹಾಗೆ, ಬಣ್ಣದೊಳಗಿನ ಅಂಟನ್ನು ಹೀರಿಬಿಡುತ್ತೆ. ಮಧ್ಯೆ ಪ್ರೈಮರ್ ಇಲ್ಲದಿದ್ದರೆ ಸಂಜೆ ಲೈಟು ಹಾಕಿದಾಗ ಆ ಜಾಗಗಳು ಮಾತ್ರ ಮಂಕಾಗಿ, ತೇಪೆ ಹಾಕಿದ ಅಂಗಿಯಂತೆ ಕಾಣುತ್ತವೆ. ಪ್ರೈಮರ್ ಬರಬೇಕಾದ್ದು ಪುಟ್ಟಿ ಉಜ್ಜಿದ ಮೇಲೆ. ಜೊತೆಗೆ "ಒಟ್ಟು ಮೂರು ಕೋಟ್" ಅಂದವರನ್ನು ಅದರಲ್ಲಿ ಪ್ರೈಮರ್ ಸೇರಿದೆಯಾ ಅಂತ ಕೇಳಿ.

ಬ್ರ್ಯಾಂಡಿನ ವಿಷಯಕ್ಕಂತೂ ನಮ್ಮಷ್ಟು ಮುಗ್ಧರು ಯಾರೂ ಇಲ್ಲ. "ಏಷ್ಯನ್ ಪೇಂಟ್ಸ್" ಅನ್ನೋದು ಕಂಪನಿಯ ಹೆಸರು, ಬಣ್ಣದ ಹೆಸರಲ್ಲ. ಅದರಲ್ಲಿ ಟ್ರ್ಯಾಕ್ಟರ್ ಇದೆ, ಆಪ್ಕೊಲೈಟ್ ಇದೆ, ರಾಯಲ್ ಇದೆ. ಕೆಳಗಿನದಕ್ಕೂ ಮೇಲಿನದಕ್ಕೂ ಲೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಬರ್ಜರ್‌ನಲ್ಲೂ ಬೈಸನ್‌ನಿಂದ ಸಿಲ್ಕ್‌ವರೆಗೆ ಇದೇ ಕಥೆ. ಮೊದಲನೆಯವರು ಟ್ರ್ಯಾಕ್ಟರ್ ಹೊಡೆದು ಹೋದರೂ ಕೊಟ್ಟ ಮಾತು ತಪ್ಪಿಲ್ಲ! ಸೋಫಾ ಹಿಂದಿನ ಕಲೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಣ್ಣವೂ ಬಟ್ಟೆಗೆ ಬಂದರೆ ಆಗ ಗೊತ್ತಾಗುತ್ತೆ ವ್ಯತ್ಯಾಸ.

ಹಾಳೆ ಮೇಲೆ ಎಲ್ಲ ಸರಿ ಇದ್ದರೂ ಗೋಡೆಗೆ ಅದು ಬಂತಾ? ಪಕ್ಕದಲ್ಲಿ ನಿಂತು ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ. ಬಕೆಟ್ ಎಣಿಸಿ ಸಾಕು. ನಯವಾದ ಗೋಡೆಗೆ ಪ್ರೀಮಿಯಂ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ ಸುಮಾರು 65 ಚದರಡಿ ಹಿಡಿಯಿರಿ. 2,050 ಚದರಡಿ ಗೋಡೆಗೆ ಮೂವತ್ತೊಂದು ಮೂವತ್ತೆರಡು ಲೀಟರ್ ಬೇಕು. ಅಂದ್ರೆ ಒಂದು 20 ಲೀಟರ್ ಬಕೆಟ್, ಒಂದು 10 ಲೀಟರಿನದು, ಮೇಲೆ ಒಂದೆರಡು ಸಣ್ಣ ಡಬ್ಬ. ಮನೆಗೆ 20 ಲೀಟರಿನ ಒಂದೇ ಬಕೆಟ್ ಬಂದು ಕೆಲಸ ಮುಗೀತು ಅಂದ್ರೆ, ಒಂದೋ ಎರಡನೇ ಕೋಟ್ ಹೊಡೆದಿಲ್ಲ, ಇಲ್ಲವೋ ಅದರಲ್ಲಿ ಕಾವೇರಿ ನೀರೇ ಜಾಸ್ತಿ. ಎಷ್ಟು ನೀರು ಬೆರೆಸಬಹುದು ಅಂತ ಕಂಪನಿಯೇ ತಿಳಿಸಿರುತ್ತೆ. ಪುಟ್ಟಿಗೂ ಇದೇ ಉಪಾಯ: ಅದೇ 2,050 ಚದರಡಿಗೆ ಎರಡು ಕೋಟ್ ಅಂದ್ರೆ 40 ಕೆ.ಜಿ.ಯ ಮೂರು ನಾಲ್ಕು ಚೀಲ ಮನೆಯೊಳಗೆ ಬರಲೇಬೇಕು. ಒಂದೇ ಚೀಲ ಬಂದಿದ್ದರೆ ಆಗಿದ್ದು ಟಚಪ್, ದುಡ್ಡು ಮಾತ್ರ ಪೂರ್ತಿ ಪುಟ್ಟಿಯದ್ದು.

ಈ ಲೆಕ್ಕ ಹಾಕದೆ ಹದಿಮೂರನ್ನು ಹನ್ನೊಂದಕ್ಕೆ ಇಳಿಸಿದೆ ಅಂತ ಬೀಗೋರು ಇದ್ದಾರೆ. ಆ ಎರಡು ರೂಪಾಯಿ ಕಾಂಟ್ರಾಕ್ಟರ್ ಜೇಬಿನಿಂದ ಬರಲ್ಲ ಸ್ವಾಮಿ. ಬಕೆಟ್ಟಿನಿಂದ ಬರುತ್ತೆ, ಇಲ್ಲದಿದ್ದರೆ ಏಣಿ ಮೇಲೆ ನಿಂತು ಸೀಲಿಂಗ್ ಉಜ್ಜೋ ಹುಡುಗನ ದಿನಗೂಲಿಯಿಂದ.

ಹಾಗಾಗಿ ಈ ಫ್ಲಾಟಿಗೆ ನನ್ನ ಆಯ್ಕೆ ಹದಿನಾರರವರೇ. ಅವರ ಹತ್ತಿರವೂ ಇನ್ನೆರಡು ಸಾಲು ಬರೆಸಿಕೊಳ್ಳಬೇಕು. ಡಬ್ಬಗಳನ್ನು ಸೀಲ್ ಇದ್ದ ಹಾಗೇ ತಂದು ನಿಮ್ಮೆದುರು ಒಡೆಯೋದು, ಖಾಲಿ ಆದಮೇಲೆ ಕೊನೇ ಕಂತು ಕೊಡೋವರೆಗೂ ಬಾಲ್ಕನಿಯಲ್ಲೇ ಬಿಡೋದು. ಹಾಲಿನ ಒಂದು ಗೋಡೆಗೆ ಕಡುನೀಲಿ ಬೇಕು ಅಂತಿದ್ರೆ ಅದಕ್ಕೆ ಎರಡು ಕೋಟ್ ಸಾಲದೇ ಹೋಗಬಹುದು. ಮೂರನೇ ಕೋಟಿನ ರೇಟನ್ನು ಆ ಗೋಡೆಯ ಅಳತೆಯ ಸಮೇತ ಕೆಲಸ ಶುರುವಾಗೋ ಮೊದಲೇ ಅದೇ ಹಾಳೆಯಲ್ಲಿ ಬರೆಸಿ.